ಹೀರೋ ಕಿವಿ ಪಕ್ಕ ಒಂದು ಸೂರ್ಯ!

1983ರ ಆ ರಾತ್ರಿ ಮರೆಯೋಕಾಗಲ್ಲ. ಗಾಂಧಿನಗರದ ಡಾರ್ಕ್‌ರೂಮಿನಲ್ಲಿ ನಾನು, ನನ್ನ ಗುರುಗಳು. ಬೆಳಗ್ಗೆ ಪೋಸ್ಟರಿನವರಿಗೆ ಸ್ಟಿಲ್ ಕೊಡಬೇಕು. ಇದ್ದದ್ದು ಒಂದೇ ನೆಗೆಟಿವ್. ಪ್ರಿಂಟ್ ತೆಗೆದರೆ, ಎಣ್ಣೆಬಣ್ಣದ ಗೋಡೆಗೆ ನನ್ನ ಫ್ಲಾಶ್ ಬಡಿದು, ನಾಯಕನ ಕಿವಿ ಪಕ್ಕದಲ್ಲೇ ಬೆಳ್ಳಗೊಂದು ಸೂರ್ಯ!

"ಬಿಳುಪಿಗೆ ಬೆಳಕೇ ಮದ್ದು ಕಣಯ್ಯಾ" ಎಂದರು ಗುರುಗಳು. ಎನ್‌ಲಾರ್ಜರ್ ಕೆಳಗಿನ ಕಾಗದ ಹೆಚ್ಚು ಬೆಳಕು ಕುಡಿದಷ್ಟೂ ಕಪ್ಪಾಗುತ್ತದಲ್ಲ! ಇಡೀ ಚಿತ್ರಕ್ಕೆ 12 ಸೆಕೆಂಡು ಕೊಟ್ಟೆವು. ಅದರಲ್ಲಿ 3 ಸೆಕೆಂಡು, ತಂತಿಗೆ ಅಂಟಿಸಿದ ರಟ್ಟಿನ ಚೂರಿನಿಂದ ಕಿವಿ, ಕೂದಲಿಗೆ ನೆರಳು ಹಿಡಿದೆವು. ಇದು ಡಾಜಿಂಗ್. ಆಮೇಲೆ ತೂತಿನ ರಟ್ಟು ಹಿಡಿದು ಕಲೆಗೆ ಮಾತ್ರ ಇನ್ನೂ 20 ಸೆಕೆಂಡು. ಇದು ಬರ್ನಿಂಗ್. ಬೆಳಕು ಒಂದಿಷ್ಟು ಕಿವಿಗೂ ಸೋರುತ್ತದೆ. ಮೊದಲೇ ನೆರಳು ಹಿಡಿದದ್ದು ಅದಕ್ಕೇ. ರಟ್ಟು ಅಲುಗುತ್ತಲೇ ಇರಬೇಕು, ನಿಂತರೆ ಬಳೆಯಂಥ ಗೆರೆ ಮೂಡುತ್ತದೆ.

ಅಂಚು ಗೋಡೆಗೆ ಬೆರೆಯಿತು. ನಡುವೆ ಕಾಸಗಲ ಬಿಳುಪು ಉಳಿಯಿತು. ನೆಗೆಟಿವ್‌ನಲ್ಲಿ ಆ ಜಾಗ ಪೂರ್ತಿ ಕಪ್ಪು. ಇನ್ನೆಷ್ಟು ಬೆಳಕು ಕೊಟ್ಟರೂ ಬರೀ ಬೂದಿ ಬಣ್ಣ, ಗೋಡೆ ಬರದು. ಪ್ರಿಂಟ್ ಒಣಗಿದ ಮೇಲೆ ಸಣ್ಣ ಬ್ರಷ್ಷಿನಿಂದ ನೀರುನೀರಾದ ಬಣ್ಣವನ್ನು ಚುಕ್ಕಿ ಚುಕ್ಕಿಯಾಗಿ ಇಟ್ಟೆವು. ಗಾಢವಾದರೆ ಅಳಿಸೋದು ಕಷ್ಟ!

ಪೋಸ್ಟರ್ ಗೋಡೆ ಏರಿತು. ಎಲ್ಲರೂ ಹೀರೋನನ್ನೇ ನೋಡಿದರು. ನಾನೊಬ್ಬನೇ ಕಿವಿ ಪಕ್ಕ ನೋಡುತ್ತಾ ನಿಂತಿದ್ದೆ!