ಕಿಟಕಿ ಇರುವ ಗೋಡೆಯೇ ಹೆಚ್ಚು ಕತ್ತಲು

ತುಮಕೂರಿನಲ್ಲಿರುವ ಅಕ್ಕ ಹೋದ ತಿಂಗಳು ತನ್ನ ಬಚ್ಚಲುಮನೆಯ ಫೋಟೊ ಕಳಿಸಿದಳು. ಹಳೆಯ ಟೈಲ್ಸ್ ಕಿತ್ತು ಹೊಸದು ಹಾಕಿಸಬೇಕು, ಯಾವ ಬಣ್ಣ, ಯಾವ ಡಿಸೈನ್ ತೆಗೆದುಕೊಳ್ಳಲಿ ಎಂಬುದು ಅವಳ ಪ್ರಶ್ನೆ. ಮನೆಗಳ ಒಳವಿನ್ಯಾಸ ನನ್ನ ಕಸುಬು. ಇಂಥ ಫೋಟೊಗಳು ನನಗೆ ಹೊಸತಲ್ಲ.

ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ಮೇಲೆ ಅಟ್ಟ ಇರುವುದರಿಂದ ಎತ್ತರ ಎಂಟೇ ಅಡಿ. ಒಂದು ಕಿರುಗೋಡೆಯಲ್ಲಿ ಬಾಗಿಲು, ಎದುರಿನದರಲ್ಲಿ ಎರಡು ಅಡಿಯ ವೆಂಟಿಲೇಟರ್. ಅದರಾಚೆ ಮೂರು ಅಡಿ ಓಣಿ, ಆಮೇಲೆ ಪಕ್ಕದ ಮನೆಯ ಗೋಡೆ. ಒಳಗೆ ನಾಲ್ಕು ಅಡಿವರೆಗೆ ಕಡುಕಂದು ಟೈಲ್ಸ್, ಅದರ ಮೇಲೊಂದು ಹೂವಿನ ಪಟ್ಟಿ, ಅದಕ್ಕೂ ಮೇಲೆ ಕೆನೆ ಬಣ್ಣ.

ಫೋಟೊದಲ್ಲಿ ಬಣ್ಣ ನೋಡಿ ಏನನ್ನೂ ತೀರ್ಮಾನಿಸಬಾರದು. ಮಬ್ಬು ಕಂಡೊಡನೆ ಮೊಬೈಲ್ ಕ್ಯಾಮೆರಾ ತಾನಾಗಿಯೇ ಚಿತ್ರವನ್ನು ಬೆಳಗಿಸುತ್ತದೆ, ಬಲ್ಬಿನ ಹಳದಿಯನ್ನೂ ತನ್ನ ಲೆಕ್ಕದಂತೆ ತಿದ್ದುತ್ತದೆ. ಹಾಗಾಗಿ ಅಕ್ಕನಿಗೆ ಇನ್ನೊಂದು ಫೋಟೊ ತೆಗೆಯಲು ಹೇಳಿದೆ: ಬೆಳಿಗ್ಗೆ ಹತ್ತು ಗಂಟೆಗೆ, ಬಲ್ಬ್ ಆರಿಸಿ, ಮೂರು ಗೋಡೆಗೂ ಒಂದೊಂದು ಬಿಳಿ ಕಾಗದ ಅಂಟಿಸಿ. ಕಾಗದ ಮೂರೂ ಒಂದೇ. ಫೋಟೊದಲ್ಲಿ ಯಾವುದು ಹೆಚ್ಚು ಬೂದಿಯಾಗಿ ಕಾಣುತ್ತದೋ ಆ ಗೋಡೆಗೆ ಬೆಳಕು ಕಡಿಮೆ ಎಂದರ್ಥ.

ಫೋಟೊ ಬಂತು. ಪಕ್ಕದ ಎರಡು ಗೋಡೆಗಳ ಕಾಗದ ಪರವಾಗಿಲ್ಲ ಎನ್ನುವಷ್ಟು ಬೆಳ್ಳಗಿತ್ತು. ವೆಂಟಿಲೇಟರ್ ಕೆಳಗಿನದು ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. "ಅಲ್ಲಿಂದಲೇ ಅಲ್ವೇನೋ ಬೆಳಕು ಬರೋದು?" ಎಂದು ಅಕ್ಕನಿಗೆ ಆಶ್ಚರ್ಯ. ಬೆಳಕು ಬರುವುದು ಅಲ್ಲಿಂದಲೇ, ಆದರೆ ಬೀಳುವುದು ನೆಲದ ಮೇಲೆ, ಪಕ್ಕದ ಗೋಡೆಗಳ ಮೇಲೆ. ಕಿಟಕಿಯಿರುವ ಗೋಡೆಗೆ ಸಿಗುವುದು ಬೇರೆ ಗೋಡೆಗಳಿಗೆ ಬಡಿದು ವಾಪಸು ಬಂದ ಬೆಳಕು ಮಾತ್ರ. ಸಾಲದ್ದಕ್ಕೆ, ಬಾಗಿಲಲ್ಲಿ ನಿಂತವರ ಕಣ್ಣಿಗೆ ವೆಂಟಿಲೇಟರ್ ನೇರವಾಗಿ ಹೊಡೆಯುವುದರಿಂದ ಅದರ ಸುತ್ತಲಿನ ಗೋಡೆ ಇನ್ನಷ್ಟು ಕಪ್ಪಾಗಿ ಕಾಣುತ್ತದೆ.

ಅಕ್ಕ ಅಂಗಡಿಯಲ್ಲಿ ಮೆಚ್ಚಿ ಬಂದಿದ್ದ ಸೆಟ್ ಹೀಗಿತ್ತು: ಕೆಳಗೆ ಡಾರ್ಕ್ ಬೂದಿ, ಮೇಲೆ ಲೈಟ್ ಬೂದಿ, ಎದುರು ಗೋಡೆಗೆ ಎಲೆ ಚಿತ್ತಾರದ ಹೈಲೈಟರ್. ನಮ್ಮ ಟೈಲ್ಸ್ ಅಂಗಡಿಗಳಲ್ಲಿ ಡಾರ್ಕ್, ಲೈಟ್, ಹೈಲೈಟರ್ ಎಂದು ಮೂರನ್ನೂ ಜೋಡಿಸಿಯೇ ತೋರಿಸುತ್ತಾರೆ. ತಲೆಯ ಮೇಲೆ ನಾಲ್ಕು ದೀಪ ಉರಿಯುವ ಅಂಗಡಿಯಲ್ಲಿ ಅದು ಚೆಂದವೇ. ಅಕ್ಕನ ಬಚ್ಚಲಲ್ಲಿ ಮಾತ್ರ ಆ ದುಬಾರಿ ಹೈಲೈಟರ್ ಹೋಗಿ ಕೂರುವುದು ಇಡೀ ಕೋಣೆಯ ಅತಿ ಕತ್ತಲ ಜಾಗದಲ್ಲಿ.

ಡಾರ್ಕ್ ಪಟ್ಟಿಯಿಂದ ಆಗುವ ನಷ್ಟ ಇನ್ನೂ ದೊಡ್ಡದು. ಒಳ್ಳೆಯ ಬಿಳಿ ಟೈಲ್ಸ್ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 80 ಪಾಲನ್ನು ಹಿಂದಕ್ಕೆ ಕಳಿಸುತ್ತದೆ, ಕಡುಬಣ್ಣದ್ದು ಹತ್ತರ ಆಸುಪಾಸು. ಪುಟ್ಟ ಕೋಣೆಯಲ್ಲಿ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತಲೇ ಹೋಗಬೇಕು. ಬಿಳಿ ಗೋಡೆಗಳ ನಡುವೆ ಎರಡು ಸಲ ಪುಟಿದರೂ ನೂರರಲ್ಲಿ 64 ಉಳಿಯುತ್ತದೆ. ಕಡುಬಣ್ಣದ ನಡುವೆ ಎರಡೇ ಪುಟಿತಕ್ಕೆ ಉಳಿಯುವುದು ಒಂದು. ಕಿಟಕಿ ಗೋಡೆ ಈ ಪುಟಿದ ಬೆಳಕನ್ನೇ ನಂಬಿಕೊಂಡಿರುವುದರಿಂದ ಏಟು ಮೊದಲು ಬೀಳುವುದು ಅದಕ್ಕೇ. ಜೊತೆಗೆ ಎಂಟು ಅಡಿಯ ಗೋಡೆಯನ್ನು ಅಡ್ಡಡ್ಡ ಮೂರು ಪಟ್ಟಿ ಮಾಡಿದರೆ ಸೂರು ಇನ್ನೂ ಕೆಳಗಿಳಿದಂತೆ ಅನಿಸುತ್ತದೆ.

ಹಾಗಾಗಿ ನಾಲ್ಕೂ ಗೋಡೆಗೆ, ನೆಲದಿಂದ ಸೂರಿನವರೆಗೆ, ಒಂದೇ ತಿಳಿಬಣ್ಣ ಹಾಕಿಸು ಎಂದೆ. ಹಾಲುಬಿಳಿ ಬೇಡ, ಅದರಲ್ಲೊಂದು ಚೂರು ಕೆನೆ ಬೆರೆತಿರಲಿ. ಪಕ್ಕದ ಮನೆಯ ಗೋಡೆಗೆ ಬಡಿದು ಬರುವ ಸಪ್ಪೆ ಬೆಳಕಿನಲ್ಲಿ ಶುದ್ಧ ಬಿಳಿ ನೀಲಿಗಟ್ಟಿದ ಬೂದಿಯಾಗಿ ಕಾಣುತ್ತದೆ. ಅಕ್ಕನ ಮನೆಯದು ಬೋರ್‌ವೆಲ್‌ನ ಗಡಸು ನೀರು. ಅದು ಆರಿದ ಮೇಲೆ ಉಳಿಯುವ ಬಿಳಿ ಉಪ್ಪಿನ ಕಲೆ ಕಡುಬಣ್ಣದ ಮೇಲೆ ಎದ್ದು ಕಾಣುತ್ತದೆ, ಕೆನೆಬಿಳುಪಿನ ಮೇಲೆ ಅಡಗುತ್ತದೆ. ಗೋಡೆಗೆ ಹೊಳಪಿನ ಟೈಲ್ಸ್ ಇರಲಿ. ಅದರಲ್ಲಿ ವೆಂಟಿಲೇಟರಿನ ನೆರಳುಬಿಂಬ ಮೂಡಿ ಕೋಣೆ ತುಸು ಅಗಲವಾದಂತೆ ತೋರುತ್ತದೆ, ಒರೆಸುವುದೂ ಸುಲಭ.

ಅಳತೆಗೆ ಒಂದಡಿ–ಎರಡಡಿಯ ಟೈಲ್ಸ್ ಆರಿಸಿ ಅಡ್ಡಲಾಗಿ ಕೂರಿಸಲು ಹೇಳಿದೆ. ನಾಲ್ಕಡಿ ಗೋಡೆಗೆ ಸಾಲಿಗೆ ಎರಡು, ಕತ್ತರಿಸುವ ಗೋಜೇ ಇಲ್ಲ. ಏಳಡಿ ಗೋಡೆಗೆ ಮೂರೂವರೆ. ಆ ಅರ್ಧ ತುಂಡು ಬಾಗಿಲ ಪಕ್ಕದ ಮೂಲೆಗೆ ಬರಲಿ, ಒಳಗೆ ಬಂದವರ ಕಣ್ಣಿಗೆ ಬೀಳುವುದಿಲ್ಲ. ಉಳಿದ ಇನ್ನರ್ಧ ಎದುರು ಬದಿಯ ಗೋಡೆಗೆ ಆಗುತ್ತದೆ. ಬಾಗಿಲು, ವೆಂಟಿಲೇಟರ್ ಕಳೆದರೆ ಗೋಡೆ ಸುಮಾರು 155 ಚದರಡಿ, ಅಂದರೆ 78 ಟೈಲ್ಸ್. ಒಡೆಯುವುದಕ್ಕೆ ಹತ್ತರಷ್ಟು ಸೇರಿಸಿದರೆ 86. ಎಲ್ಲ ಬಾಕ್ಸುಗಳ ಮೇಲೂ ಒಂದೇ ಬ್ಯಾಚ್ ಮತ್ತು ಶೇಡ್ ನಂಬರ್ ಇದೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳಬೇಕು. ಬ್ಯಾಚ್ ಬೇರೆಯಾದರೆ ತಿಳಿಬಣ್ಣದಲ್ಲಿ ವ್ಯತ್ಯಾಸ ಬೇಗ ಗೊತ್ತಾಗುತ್ತದೆ.

ಸಂದು ತುಂಬುವ ಗ್ರೌಟ್ ಕೂಡ ಟೈಲ್ಸಿನ ಬಣ್ಣಕ್ಕೇ ಹತ್ತಿರವಿರಲಿ. ತಿಳಿಗೋಡೆಗೆ ಕಪ್ಪು ಗ್ರೌಟ್ ತುಂಬಿದರೆ ಕಾಣುವುದು ಚೌಕುಳಿಯ ಲೆಕ್ಕದ ಹಾಳೆ. ವೈಟ್ ಸಿಮೆಂಟ್ ನೀರು ಹೀರಿ ಹಳದಿಗಟ್ಟುತ್ತದೆ. ಎಪಾಕ್ಸಿ ಗ್ರೌಟ್‌ಗೆ ದುಡ್ಡು ಹೆಚ್ಚು, ಆದರೆ ಅದು ನೀರು ಹೀರುವುದಿಲ್ಲ.

"ಹಾಗಾದ್ರೆ ಡಿಸೈನೇ ಬೇಡ್ವಾ? ಆಸ್ಪತ್ರೆ ಥರ ಇರುತ್ತಲ್ಲೋ" ಎಂದಳು ಅಕ್ಕ. ಡಿಸೈನ್ ಬೇಕು, ಬೆಳಕು ಬೀಳುವಲ್ಲಿ ಬೇಕು. ಇಲ್ಲಿ ಆ ಜಾಗ ನೆಲ. ವೆಂಟಿಲೇಟರಿನ ಬೆಳಕು ನೇರ ಅಲ್ಲಿಗೇ ಇಳಿಯುತ್ತದೆ, ಬಾಗಿಲು ತೆರೆದೊಡನೆ ಇಡೀ ನೆಲ ಒಂದೇ ನೋಟಕ್ಕೆ ಸಿಗುತ್ತದೆ. ಜಾರದ ಮ್ಯಾಟ್ ಟೈಲ್ಸ್, ಒಂದಡಿ ಚೌಕ, ಕೆನೆಯ ಮೇಲೆ ನಸುಬೂದಿ ರಂಗೋಲಿಯಂಥ ಚಿತ್ತಾರ. ಉಪ್ಪಿನ ಕಲೆಯೂ ಕೂದಲೂ ಚಿತ್ತಾರದಲ್ಲಿ ಮರೆಯಾಗುತ್ತವೆ. 28 ಚದರಡಿಗೆ 32 ಟೈಲ್ಸ್ ತಂದರೆ ಸಾಕು, ಹೈಲೈಟರಿನ ದುಡ್ಡು ಇಲ್ಲಿಗೆ ಹೊಂದುತ್ತದೆ. ನೆಲಕ್ಕೆ ಎರಡಡಿಯ ದೊಡ್ಡ ಟೈಲ್ಸ್ ತರಬಾರದು. ನೀರು ಹೋಗಲು ಏಳಡಿಗೆ ಸುಮಾರು ಒಂದಿಂಚು ವಾಟ ಕೊಡಬೇಕು. ನಾಲ್ಕೂ ಕಡೆಯಿಂದ ಟ್ರ್ಯಾಪಿನತ್ತ ವಾಟ ತಿರುಗಿಸುವಾಗ ದೊಡ್ಡ ಟೈಲ್ಸನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ, ಚಿತ್ತಾರ ಮುರಿಯುತ್ತದೆ.

ಇಷ್ಟೆಲ್ಲ ಮಾಡಿದರೂ ಟೈಲ್ಸ್ ಇರುವ ಬೆಳಕನ್ನು ಉಳಿಸಬಲ್ಲದೇ ಹೊರತು ಹೊಸದಾಗಿ ಹುಟ್ಟಿಸಲಾರದು. ರಾತ್ರಿಗೆ ಕನ್ನಡಿಯ ಮೇಲೆ 9 ವ್ಯಾಟಿನ ಎಲ್‌ಇಡಿ ಬೇಕು. 6500 ಕೆಲ್ವಿನ್ನಿನ ಬಲ್ಬು ಕೆನೆಯನ್ನು ನೀಲಿಗೆ ಎಳೆಯುತ್ತದೆ, 3000ದ್ದು ಹಳದಿ ಬಳಿಯುತ್ತದೆ. 4000ದ್ದು ಎರಡರ ನಡುವೆ ನಿಲ್ಲುತ್ತದೆ. ಕಡುಕಂದು ಬಾಗಿಲ ಒಳಮೈಗೂ ತಿಳಿಬಣ್ಣ ಬಳಿಸಬೇಕು, ಅದೂ ಬೆಳಕು ನುಂಗುವ ಗೋಡೆಯೇ.

ಆರ್ಡರ್ ಕೊಡುವ ಮುಂಚೆ ಅಕ್ಕ ಎರಡು ಸ್ಯಾಂಪಲ್ ತಂದಳು, ತಾನು ಮೆಚ್ಚಿದ ಲೈಟ್ ಬೂದಿ ಒಂದು, ನಾನು ಹೇಳಿದ ಕೆನೆಬಿಳುಪು ಇನ್ನೊಂದು. ನೆಲದಲ್ಲಿ ಮಲಗಿಸದೆ ವೆಂಟಿಲೇಟರ್ ಕೆಳಗೆ ಗೋಡೆಗೆ ಒರಗಿಸಿ, ಬಾಗಿಲು ಹಾಕಿಕೊಂಡು, ಬಲ್ಬ್ ಆರಿಸಿ ನೋಡಿದಳು. ಸಂಜೆ ಫೋನ್ ಬಂತು. "ಅಂಗಡೀಲಿ ಲೈಟ್ ಅಂದಿದ್ದು ಇಲ್ಲಿ ಸ್ಲೇಟಿನ ಹಾಗಿದೆ ಕಣೋ. ನೀನು ಹೇಳಿದ್ದು ಬಿಳಿಯಾಗೇನೂ ಇಲ್ಲ, ಲೈಟ್ ಬೂದಿ ಥರಾನೇ ಕಾಣ್ತಿದೆ. ನಂಗೆ ಬೇಕಿದ್ದ ಬಣ್ಣ ಇದೇ ನೋಡು."