ಬದಲಿಸಿದ ಮುಖದ ಬಾಯಿ, ಹಲ್ಲು

ಸಿನಿಮಾದಲ್ಲಿ ಡೂಪ್ ಕಲಾವಿದನ ಮೇಲೆ ನಟನ ಮುಖ ಕೂರಿಸುವಾಗ ಕೆನ್ನೆ, ಮೂಗು ಬೇಗ ಹೊಂದಿಕೊಳ್ಳುತ್ತವೆ. ಕಷ್ಟ ಶುರುವಾಗುವುದು ಆ ಮುಖ ಮಾತಾಡಿದಾಗ. ಹಲ್ಲುಗಳು ಬಿಡಿಬಿಡಿಯಾಗಿ ಕಾಣದೆ ಒಂದೇ ಬಿಳಿ ಪಟ್ಟಿಯಾಗುತ್ತವೆ.

ಮುಖ ಕಲಿಯುವ ಕಂಪ್ಯೂಟರ್ ಮಾದರಿ ಇಡೀ ಮುಖದ ಒಟ್ಟು ತಪ್ಪನ್ನು ತಗ್ಗಿಸಲು ನೋಡುತ್ತದೆ. 256 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದು ಹಲ್ಲಿಗೆ ಸಿಗುವುದು ಕೆಲವೇ ಪಿಕ್ಸೆಲ್. ಅದು ಮಸುಕಾದರೂ ಲೆಕ್ಕದಲ್ಲಿ ನಷ್ಟ ಅಲ್ಪ. ಅದಕ್ಕೇ DeepFaceLab ತಂತ್ರಾಂಶದಲ್ಲಿ `eyes_mouth_prio` ಎಂಬ ಆಯ್ಕೆ ಇದೆ. ಅದು ಕಣ್ಣು, ಬಾಯಿಯ ತಪ್ಪಿಗೆ ಹೆಚ್ಚು ತೂಕ ಕೊಡುತ್ತದೆ. ಆದರೆ ನಟನ ಚಿತ್ರಗಳೆಲ್ಲ ಬಾಯಿ ಮುಚ್ಚಿದವೇ ಆಗಿದ್ದರೆ ಇದೂ ಕೈಹಿಡಿಯದು. ‘ಆ’, ‘ಈ’, ‘ಊ’ ಎನ್ನುವ ಬಾಯಿಗಳು ಬೇರೆ ಬೇರೆ ಕೋನ, ಬೆಳಕಿನಲ್ಲಿ ಸಂಗ್ರಹದಲ್ಲಿರಲೇಬೇಕು.

ತುಟಿಯದು ಇನ್ನೂ ಕಠಿಣ ಪರೀಕ್ಷೆ. ಪ, ಬ, ಮ ಹೇಳುವಾಗ ತುಟಿಗಳು ಪೂರ್ತಿ ಮುಚ್ಚಬೇಕು. ‘ಅಮ್ಮ’ ಎನ್ನುವ ಕಡೆ ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸಿ ನೋಡಿ. ‘ಮ್ಮ’ ಕೇಳುವಾಗಲೂ ತುಟಿಗಳ ನಡುವೆ ಸೀಳು ಉಳಿದಿದ್ದರೆ ಕೆಲಸ ಕೆಟ್ಟಿದೆ ಎಂದೇ ಅರ್ಥ. 2020ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿಯ ಸಂಶೋಧಕರು ನಕಲಿ ವಿಡಿಯೊ ಪತ್ತೆಗೆ ಇದೇ ಸುಳಿವನ್ನು ಬಳಸಿದರು.

ಅನುಮಾನದ ವಿಡಿಯೊ ಬಂದರೆ ಹಂಚುವ ಮುನ್ನ ಈ ಅಕ್ಷರಗಳ ಬಳಿ ತುಟಿ ಗಮನಿಸಿ. ತುಟಿ ಸರಿಯಾಗಿ ಮುಚ್ಚಿದ ಮಾತ್ರಕ್ಕೆ ಅದು ಅಸಲಿ ಎಂದು ಮಾತ್ರ ನಂಬಬೇಡಿ.