ನಪಾಸಾದ ವರ್ಷ, ಬಿಟ್ಟುಹೋದ ವರ್ಷ: ಪ್ರವೇಶ ಅರ್ಜಿಯಲ್ಲಿ ಬರೆಯುವುದು ಹೇಗೆ?

ಪದವಿ ಕಾಲೇಜಿನ ಪ್ರವೇಶ ಅರ್ಜಿಯಲ್ಲಿ ಹೆಸರು, ಜನ್ಮದಿನಾಂಕ, ಜಾತಿ, ಆದಾಯ ಎಲ್ಲವನ್ನೂ ಸಲೀಸಾಗಿ ತುಂಬಿದ ಮಕ್ಕಳು ಒಂದು ಕಡೆ ಬಂದು ಪೆನ್ನು ನಿಲ್ಲಿಸುತ್ತಾರೆ. ‘ಹಿಂದಿನ ವಿದ್ಯಾಭ್ಯಾಸದ ವಿವರ’ ಎಂಬ ಆ ಕೋಷ್ಟಕದಲ್ಲಿ ತೇರ್ಗಡೆಯಾದ ವರ್ಷ, ರಿಜಿಸ್ಟರ್ ನಂಬರ್, ಪಡೆದ ಅಂಕ, ಪ್ರಯತ್ನಗಳ ಸಂಖ್ಯೆ ಎಂಬ ಕಂಬಗಳಿರುತ್ತವೆ. ಕೆಳಗೆ ಇನ್ನೊಂದು ಸಾಲು: ‘ವಿದ್ಯಾಭ್ಯಾಸದಲ್ಲಿ ಅಂತರವಿದ್ದರೆ ಕಾರಣ’. ಪ್ರವೇಶದ ದಿನಗಳಲ್ಲಿ ಮೇಜಿನ ಈಚೆ ಕೂತು ನಾನು ನೋಡಿದ ಅರ್ಜಿಗಳಲ್ಲಿ ಹೆಚ್ಚು ತಿದ್ದುಪಡಿಯಾಗಿರುತ್ತಿದ್ದದ್ದು ಇಲ್ಲೇ. ಒಂದು ಇಸವಿ ಬರೆದು, ಹೊಡೆದುಹಾಕಿ, ಮೇಲೆ ಇನ್ನೊಂದು ಬರೆದಿರುತ್ತಾರೆ. ಕೆಲವರು ಖಾಲಿ ಬಿಟ್ಟಿರುತ್ತಾರೆ. ಇನ್ನು ಕೆಲವರು ಮನೆಯ ಕಷ್ಟವನ್ನೆಲ್ಲ ಆ ಒಂದು ಗೆರೆಯಲ್ಲಿ ತುರುಕಿರುತ್ತಾರೆ.

ಈ ಭಾಗವನ್ನು ಓದುವವರು ಏನು ನೋಡುತ್ತಾರೆ ಎಂದು ತಿಳಿದರೆ ಅರ್ಧ ಅಳುಕು ಹೋಗುತ್ತದೆ. ಕಚೇರಿಯವರ ಎದುರು ಮೂರು ಕಾಗದಗಳಿರುತ್ತವೆ: ಅಂಕಪಟ್ಟಿ, ವರ್ಗಾವಣೆ ಪತ್ರ ಅಂದರೆ ಟಿಸಿ, ಮತ್ತು ನೀವು ತುಂಬಿದ ಅರ್ಜಿ. ಈ ಮೂರರಲ್ಲಿರುವ ದಿನಾಂಕಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆಯೇ ಎಂದು ಅವರು ನೋಡುತ್ತಾರೆ. ನಡುವೆ ಯಾವ ಕಾಗದವೂ ಹೇಳದ ತಿಂಗಳುಗಳು ಉಳಿದರೆ ಕೇಳುತ್ತಾರೆ. ಆ ಸಮಯದಲ್ಲಿ ವಿದ್ಯಾರ್ಥಿ ಬೇರೆ ಕಾಲೇಜಿಗೆ ಸೇರಿದ್ದನೇ, ಅಲ್ಲಿ ಪರೀಕ್ಷೆಯಿಂದ ಡಿಬಾರ್ ಆಗಿದ್ದನೇ, ಮೂಲ ದಾಖಲೆಗಳು ಇನ್ನೆಲ್ಲಾದರೂ ಇವೆಯೇ ಎಂಬುದೇ ಅವರ ಅನುಮಾನ. ನೀವು ಬುದ್ಧಿವಂತರೋ ಅಲ್ಲವೋ ಎಂಬ ತೀರ್ಪು ಕೊಡುವ ಜಾಗ ಅದಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ಒಬ್ಬ ಹುಡುಗಿ 2023ರ ಮಾರ್ಚ್‌ನಲ್ಲಿ ದ್ವಿತೀಯ ಪಿಯುಸಿ ವಿಜ್ಞಾನದ ಪರೀಕ್ಷೆ ಬರೆದಳು ಎಂದುಕೊಳ್ಳಿ. ಕನ್ನಡ 78, ಇಂಗ್ಲಿಷ್ 61, ಭೌತಶಾಸ್ತ್ರ 52, ಜೀವಶಾಸ್ತ್ರ 58. ರಸಾಯನಶಾಸ್ತ್ರದಲ್ಲಿ 24, ಗಣಿತದಲ್ಲಿ 19. ಆಗ ಪಾಸಾಗಲು 35 ಬೇಕಿತ್ತು, ಹಾಗಾಗಿ ಎರಡು ವಿಷಯ ಉಳಿದವು. ಅದೇ ವರ್ಷದ ಪೂರಕ ಪರೀಕ್ಷೆಯಲ್ಲಿ ರಸಾಯನಶಾಸ್ತ್ರ 46 ಬಂದು ಪಾಸಾಯಿತು, ಗಣಿತ 28ಕ್ಕೆ ನಿಂತಿತು. 2024ರ ಮಾರ್ಚ್‌ನ ಪರೀಕ್ಷೆ-1ರಲ್ಲಿ ಗಣಿತವೊಂದನ್ನೇ ಬರೆದು 41 ಪಡೆದಳು. ಆಮೇಲೆ ತಂದೆಗೆ ಹುಷಾರಿಲ್ಲದೆ ಒಂದು ವರ್ಷ ಅಂಗಡಿ ನೋಡಿಕೊಂಡಳು. 2025ರ ಜೂನ್‌ನಲ್ಲಿ ಬಿಎಸ್ಸಿಗೆ ಅರ್ಜಿ ಹಾಕುತ್ತಿದ್ದಾಳೆ.

ಮೊದಲ ಕಂಬ, ತೇರ್ಗಡೆಯಾದ ವರ್ಷ. ಇಲ್ಲಿ ‘ಮಾರ್ಚ್ 2024’ ಎಂದೇ ಬರೆಯಬೇಕು. ಆರು ವಿಷಯಗಳಲ್ಲಿ ಕೊನೆಯದು ಯಾವಾಗ ಪಾಸಾಯಿತೋ ಅದು ಪಿಯುಸಿ ತೇರ್ಗಡೆಯಾದ ದಿನ. ಬಹಳ ಮಕ್ಕಳು ಕಾಲೇಜಿನಲ್ಲಿ ಓದಿದ ವರ್ಷವನ್ನು ನೆನೆದು 2023 ಎಂದು ಬರೆದುಬಿಡುತ್ತಾರೆ. ಅದು ಸುಳ್ಳು ಹೇಳಬೇಕೆಂದು ಬರೆದದ್ದಲ್ಲ, ಆದರೆ ಅಂಕಪಟ್ಟಿಯ ಪಕ್ಕ ಇಟ್ಟಾಗ ಹಾಗೆಯೇ ಕಾಣುತ್ತದೆ.

ಎರಡನೆಯದು ಅಂಕ. ಮೊದಲ ಅಂಕಪಟ್ಟಿಯ ಮೊತ್ತ 292. ಅದನ್ನೇ ಬರೆದರೆ ತನಗೆ ತಾನೇ ಅನ್ಯಾಯ ಮಾಡಿಕೊಂಡಂತೆ. ಪ್ರತಿ ವಿಷಯದಲ್ಲಿ ಪಾಸಾದಾಗ ಬಂದ ಅಂಕವನ್ನು ಕೂಡಬೇಕು: 78, 61, 52, 58, 46, 41. ಒಟ್ಟು 336. ಆರುನೂರಕ್ಕೆ 336 ಅಂದರೆ ಶೇ. 56. ಮೊದಲ ಪಟ್ಟಿಯ ಲೆಕ್ಕ ಹಿಡಿದಿದ್ದರೆ ಶೇ. 48.67 ಆಗುತ್ತಿತ್ತು. ಮೆರಿಟ್ ಪಟ್ಟಿಯಲ್ಲಿ ಇದು ದೊಡ್ಡ ವ್ಯತ್ಯಾಸ. ಕೊನೆಯ ಅಂಕಪಟ್ಟಿಯಲ್ಲಿ ಆರೂ ವಿಷಯ ಒಟ್ಟಿಗೆ ಮುದ್ರಣವಾಗಿದ್ದರೆ ಅದರಲ್ಲಿರುವುದನ್ನೇ ನೋಡಿ ಬರೆಯಿರಿ. ಆಗ ಬರೆದ ವಿಷಯ ಮಾತ್ರ ಇದ್ದರೆ ಎಲ್ಲ ಅಂಕಪಟ್ಟಿಗಳ ಪ್ರತಿಯನ್ನೂ ಲಗತ್ತಿಸಿ. ರಿಜಿಸ್ಟರ್ ನಂಬರಿಗೆ ಒಂದೇ ಚೌಕವಿದ್ದರೆ ಕೊನೆಗೆ ತೇರ್ಗಡೆಯಾದ ಅಂಕಪಟ್ಟಿಯದನ್ನು ಹಾಕಬೇಕು.

ಮೂರನೆಯದು ಪ್ರಯತ್ನಗಳ ಸಂಖ್ಯೆ. ಇಲ್ಲಿ ಮೂರು: 2023ರ ಮಾರ್ಚ್, 2023ರ ಪೂರಕ, 2024ರ ಮಾರ್ಚ್. ಬರೀ ಒಂದು ವಿಷಯಕ್ಕೆ ಕೂತದ್ದೂ ಒಂದು ಪ್ರಯತ್ನವೇ. ಇದನ್ನು ಒಂದು ಎಂದು ಬರೆದರೆ ಮುಚ್ಚಿಡಲು ಆಗುವುದಿಲ್ಲ, ಏಕೆಂದರೆ ಲಗತ್ತಿಸಿದ ಅಂಕಪಟ್ಟಿಗಳೇ ಅದನ್ನು ಹೇಳುತ್ತವೆ, ಮಂಡಳಿಯ ದಾಖಲೆ ಡಿಜಿಲಾಕರ್‌ನಲ್ಲೂ ಸಿಗುತ್ತದೆ. ಮೂರು ಎಂದು ನೇರವಾಗಿ ಬರೆದ ಕಾರಣಕ್ಕೇ ಸಾಮಾನ್ಯ ಬಿಎ, ಬಿಕಾಂ, ಬಿಎಸ್ಸಿ ಸೀಟು ತಪ್ಪಿದ್ದನ್ನು ನಾನು ಕಂಡಿಲ್ಲ. ಒಂದು ಎಂದು ಬರೆದು ದಾಖಲಾತಿ ಪರಿಶೀಲನೆಯ ದಿನ ಸಿಕ್ಕಿಬಿದ್ದು, ಮತ್ತೆ ಅರ್ಜಿ ತುಂಬಲು ಓಡಾಡಿದವರನ್ನು ಕಂಡಿದ್ದೇನೆ.

2024ರಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪೂರಕ ಪರೀಕ್ಷೆ ಎಂಬ ಹೆಸರನ್ನು ಕೈಬಿಟ್ಟು, ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಕೊಡುತ್ತಿದೆ. ಕೆಲವು ಅರ್ಜಿಗಳಲ್ಲಿ ಮಾತ್ರ ‘ಪೂರಕ’ ಎಂಬ ಹಳೆಯ ಕಂಬ ಹಾಗೇ ಉಳಿದಿದೆ. ಪರೀಕ್ಷೆ-1ರಲ್ಲಿ ನಪಾಸಾಗಿ ಪರೀಕ್ಷೆ-2ರಲ್ಲಿ ಪಾಸಾದರೆ ಎರಡು ಪ್ರಯತ್ನ, ಆದರೆ ಅಂತರವೇನೂ ಇಲ್ಲ, ಅದೇ ವರ್ಷ ಕಾಲೇಜು ಸೇರಬಹುದು. ಪರೀಕ್ಷೆ-1ರಲ್ಲೇ ಪಾಸಾಗಿ ಹೆಚ್ಚು ಅಂಕಕ್ಕಾಗಿ ಪರೀಕ್ಷೆ-2 ಬರೆದವರು ನಪಾಸಾದವರ ಸಾಲಿಗೆ ಸೇರುವುದಿಲ್ಲ. ಅವರು ‘ಪರೀಕ್ಷೆ-1ರಲ್ಲಿ ತೇರ್ಗಡೆ, ಫಲಿತಾಂಶ ಉತ್ತಮಪಡಿಸಿಕೊಳ್ಳಲು ಪರೀಕ್ಷೆ-2’ ಎಂದು ಷರಾ ಬರೆದರೆ ಗೊಂದಲವೇ ಇರುವುದಿಲ್ಲ.

ಇನ್ನು ಅಂತರದ ಸಾಲು. ನಮ್ಮ ಹುಡುಗಿಗೆ ಎಷ್ಟು ವರ್ಷದ ಅಂತರ? ತೇರ್ಗಡೆಯಾದ ದಿನದಿಂದ ಎಣಿಸಿದರೆ 2024-25 ಎಂಬ ಒಂದು ಶೈಕ್ಷಣಿಕ ವರ್ಷ. ಕಾಲೇಜು ಬಿಟ್ಟ ದಿನದಿಂದ ಎಣಿಸಿದರೆ ಎರಡು. ಎರಡೂ ರೀತಿ ಎಣಿಸುವ ಕಚೇರಿಗಳಿವೆ. ಟಿಸಿಯನ್ನು ನೋಡಿದರೆ ಗೊಂದಲ ಇನ್ನೂ ಹೆಚ್ಚುತ್ತದೆ. ಅವಳು ಟಿಸಿ ತೆಗೆದುಕೊಂಡದ್ದು 2025ರ ಮೇ ತಿಂಗಳಲ್ಲಿ. ಅದರೊಳಗೆ ‘ಕಾಲೇಜು ಬಿಟ್ಟ ದಿನಾಂಕ’ ಮಾತ್ರ 2023ರ ಮಾರ್ಚ್. ಮೇಲಿನ ದಿನಾಂಕ ನೋಡಿದವರು ಅವಳು 2025ರವರೆಗೂ ಅಲ್ಲೇ ಓದುತ್ತಿದ್ದಳು ಎಂದುಕೊಳ್ಳಬಹುದು. ಆದ್ದರಿಂದ ವರ್ಷದ ಸಂಖ್ಯೆಗಿಂತ ಅವಧಿಯನ್ನು ಬರೆಯುವುದು ವಾಸಿ. ಅವಳ ಸಾಲು ಹೀಗಿದ್ದರೆ ಸಾಕು:

‘ಏಪ್ರಿಲ್ 2023ರಿಂದ ಮಾರ್ಚ್ 2024ರವರೆಗೆ: ಪುನರಾವರ್ತಿತ ಅಭ್ಯರ್ಥಿಯಾಗಿ ಮನೆಯಲ್ಲೇ ಓದಿ ಉಳಿದ ವಿಷಯಗಳಲ್ಲಿ ತೇರ್ಗಡೆ. ಏಪ್ರಿಲ್ 2024ರಿಂದ ಮೇ 2025ರವರೆಗೆ: ತಂದೆಯ ಅನಾರೋಗ್ಯದ ಕಾರಣ ಮನೆಯಲ್ಲಿದ್ದು ಅಂಗಡಿ ನೋಡಿಕೊಂಡಿದ್ದೇನೆ. ಈ ಅವಧಿಯಲ್ಲಿ ಬೇರಾವ ಕಾಲೇಜಿಗೂ ಸೇರಿಲ್ಲ.’

ನಪಾಸಾದ ವರ್ಷವನ್ನೂ ಬಿಟ್ಟುಹೋದ ವರ್ಷವನ್ನೂ ಬೇರೆ ಬೇರೆಯಾಗಿ ಹೇಳಿದ್ದರಿಂದ ಒಂದು ತಿಂಗಳೂ ಅನಾಥವಾಗಿ ಉಳಿಯಲಿಲ್ಲ. ಕೊನೆಯ ವಾಕ್ಯ ಮುಖ್ಯ, ಕಚೇರಿಯವರಿಗೆ ಬೇಕಿರುವುದು ಅದೇ. ‘ಅನಿವಾರ್ಯ ಕಾರಣಗಳಿಂದ’ ಎಂದು ಬರೆದವರನ್ನು ಅವರು ತಪ್ಪದೆ ವಾಪಸ್ ಕರೆದು ಕೇಳುತ್ತಾರೆ, ಏಕೆಂದರೆ ಆ ಮಾತಿನಲ್ಲಿ ಕಾರಣವೇ ಇಲ್ಲ. ಕಾಯಿಲೆ ನಿಮ್ಮದೇ ಆಗಿದ್ದರೆ ಕಾಯಿಲೆಯ ಹೆಸರು ಬರೆಯಬೇಕಿಲ್ಲ, ‘ಅನಾರೋಗ್ಯ, ಚಿಕಿತ್ಸೆಯಲ್ಲಿದ್ದೆ’ ಎಂದರೆ ಸಾಕು. ವೈದ್ಯರ ಪತ್ರ ಕೇಳಿದರೆ ಅದರಲ್ಲಿರುವ ದಿನಾಂಕ ನೀವು ಬರೆದ ಅವಧಿಯೊಳಗೆ ಬರುವಂತಿರಲಿ. ನೀಟ್‌ಗೆ ಲಾಂಗ್ ಟರ್ಮ್ ಕೋಚಿಂಗ್ ಪಡೆದವರು ಹಾಗೆಯೇ ಬರೆಯಬಹುದು. ಸೀಟು ಸಿಗಲಿಲ್ಲ ಎಂಬುದನ್ನು ಈ ಸಾಲು ಕೇಳಿಲ್ಲ.

ಅನೇಕ ಕಾಲೇಜುಗಳು ಇದರ ಜೊತೆಗೆ ‘ಗ್ಯಾಪ್ ಸರ್ಟಿಫಿಕೇಟ್’ ಕೇಳುತ್ತವೆ. ಹೆಸರು ಸರ್ಟಿಫಿಕೇಟ್ ಆದರೂ ಅದು ನೀವೇ ಮಾಡುವ ಪ್ರಮಾಣ, ಅಫಿಡವಿಟ್. ಇ-ಸ್ಟಾಂಪ್ ಕಾಗದದ ಮೇಲೆ ಟೈಪ್ ಮಾಡಿಸಿ ನೋಟರಿಯ ಎದುರು ಸಹಿ ಹಾಕಬೇಕು. ಹದಿನೆಂಟು ತುಂಬದವರ ಪರವಾಗಿ ತಂದೆಯೋ ತಾಯಿಯೋ ಮಾಡುತ್ತಾರೆ. ಇದರ ಅಗತ್ಯಕ್ಕೆ ಕಾರಣವಿದೆ. ಹಳೆಯ ಕಾಲೇಜು ಕೊಡುವ ನಡತೆ ಪತ್ರ ನೀವು ಅಲ್ಲಿ ಓದಿದ ದಿನಗಳಿಗೆ ಮಾತ್ರ ಜವಾಬ್ದಾರ. ಆಮೇಲಿನ ದಿನಗಳಿಗೆ ನಿಮ್ಮ ಪರವಾಗಿ ಹೇಳುವ ಸಂಸ್ಥೆಯೇ ಇಲ್ಲದ್ದರಿಂದ ನಿಮ್ಮ ಮಾತನ್ನೇ ಪ್ರಮಾಣವಾಗಿ ಪಡೆಯುತ್ತಾರೆ. ಕೋರ್ಟಿನ ಹತ್ತಿರದ ಟೈಪಿಂಗ್ ಅಂಗಡಿಗಳಲ್ಲಿ ಸಿದ್ಧ ನಮೂನೆ ಇರುತ್ತದೆ, ಹಿಂದಿನವರ ದಿನಾಂಕ ಅದರಲ್ಲೇ ಉಳಿದಿರುವುದೂ ಉಂಟು. ಅರ್ಜಿಯಲ್ಲಿ ಬರೆದ ಅವಧಿಯೇ ಅಫಿಡವಿಟ್‌ನಲ್ಲೂ ಇದೆಯೇ ಎಂದು ಸಹಿಗೆ ಮುಂಚೆ ಓದಿ ನೋಡಿ. ಸುಳ್ಳು ಪ್ರಮಾಣ ಶಿಕ್ಷಾರ್ಹ ಅಪರಾಧ. ಎಲ್ಲ ಕಾಲೇಜುಗಳೂ ಇದನ್ನು ಕೇಳುವುದಿಲ್ಲ, ಕೆಲವು ಕಡೆ ಬಿಳಿ ಹಾಳೆಯ ಮೇಲಿನ ಸ್ವಯಂಘೋಷಣೆ ಸಾಕು. ದುಡ್ಡು ಖರ್ಚು ಮಾಡುವ ಮುನ್ನ ಕೇಳಿಕೊಳ್ಳಿ.

ಅಂತರವಲ್ಲದ್ದನ್ನು ಅಂತರ ಎಂದು ಬರೆಯುವುದರಿಂದ ಆಗುವ ತೊಂದರೆ ಎಲ್ಲಕ್ಕಿಂತ ದೊಡ್ಡದು. ಒಂದು ಕಾಲೇಜಿಗೆ ಸೇರಿ, ಎರಡು ಮೂರು ತಿಂಗಳು ಹೋಗಿ, ಹೊಂದಲಿಲ್ಲವೆಂದು ಬಿಟ್ಟವರು ಮರುವರ್ಷ ‘ಮನೆಯಲ್ಲಿದ್ದೆ’ ಎಂದು ಬರೆಯುತ್ತಾರೆ. ಆದರೆ ಅವರ ಪಿಯು ಟಿಸಿಯ ಮೂಲಪ್ರತಿ ಆ ಕಾಲೇಜಿನಲ್ಲಿರುತ್ತದೆ, ವಿಶ್ವವಿದ್ಯಾಲಯದಲ್ಲಿ ಹೆಸರು ನೋಂದಣಿಯಾಗಿರಲೂಬಹುದು. ಇಂಥವರು ‘ಇಂಥ ತಿಂಗಳಲ್ಲಿ ಪ್ರವೇಶ ಪಡೆದು, ಪರೀಕ್ಷೆಗೆ ಮುನ್ನ ಬಿಟ್ಟಿದ್ದೇನೆ’ ಎಂದೇ ಬರೆಯಬೇಕು. ಮೊದಲು ಆ ಕಾಲೇಜಿಗೆ ಹೋಗಿ ಪ್ರವೇಶ ರದ್ದುಪಡಿಸಿದ ಪತ್ರ, ಟಿಸಿ, ವಿಶ್ವವಿದ್ಯಾಲಯವೇ ಬದಲಾಗುವುದಾದರೆ ಮೈಗ್ರೇಶನ್ ಪತ್ರ ತರಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ. ಪ್ರವೇಶದ ಕೊನೆಯ ವಾರದಲ್ಲಿ ಹೊರಟರೆ ಆಗುವುದಿಲ್ಲ.

ಅರ್ಜಿ ಬದಲಾದರೆ ಪ್ರಶ್ನೆಯೂ ಬದಲಾಗುತ್ತದೆ ಎಂಬುದು ನೆನಪಿರಲಿ. ಪದವಿ ಕಾಲೇಜು ತೇರ್ಗಡೆಯಾದ ವರ್ಷವನ್ನು ನೋಡಿದರೆ, ಐಐಟಿಗಳ ಜೆಇಇ ಅಡ್ವಾನ್ಸ್ಡ್ ಹನ್ನೆರಡನೇ ತರಗತಿಯ ಪರೀಕ್ಷೆಗೆ ಮೊದಲ ಬಾರಿ ಕೂತ ವರ್ಷವನ್ನು ನೋಡುತ್ತದೆ. ಆ ವರ್ಷ ಮತ್ತು ಅದರ ಮರುವರ್ಷ, ಎರಡೇ ಅವಕಾಶ. ನಮ್ಮ ಹುಡುಗಿ ತೇರ್ಗಡೆಯಾದದ್ದು 2024ರಲ್ಲಾದರೂ ಮೊದಲು ಕೂತದ್ದು 2023ರಲ್ಲಿ. ಅಲ್ಲಿ 2024 ಎಂದು ಬರೆದು ಒಂದು ವರ್ಷ ಗಳಿಸಿಕೊಳ್ಳಲು ಹೋದರೆ ಅರ್ಹತೆಯೇ ರದ್ದಾಗುತ್ತದೆ. ಹಾಗಾಗಿ ಕಂಬದ ತಲೆಬರಹವನ್ನು ಪೂರ್ತಿ ಓದಿ, ‘ತೇರ್ಗಡೆ’ಯೋ ‘ಮೊದಲ ಹಾಜರಿ’ಯೋ ನೋಡಿಕೊಂಡು ಬರೆಯಿರಿ.

ಅರ್ಜಿ ತುಂಬಲು ಕೂರುವ ಮುನ್ನ ಎಲ್ಲ ಅಂಕಪಟ್ಟಿಗಳನ್ನೂ ಟಿಸಿಯನ್ನೂ ದಿನಾಂಕದ ಕ್ರಮದಲ್ಲಿ ಮುಂದಿಟ್ಟುಕೊಳ್ಳಿ. ಮತ್ತೊಂದು ಕೋರಿಕೆ: ನಪಾಸಾದ ಅಂಕಪಟ್ಟಿಯನ್ನು ಬೇಸರದಲ್ಲಿ ಹರಿದು ಹಾಕಬೇಡಿ. ನಮ್ಮ ಹುಡುಗಿ ಪಾಸಾದ ನಾಲ್ಕು ವಿಷಯಗಳ ಅಂಕ ಮೊದಲು ದಾಖಲಾಗಿರುವುದು ಅದರಲ್ಲೇ.